‘ಮಕ್ಕಳಿಗೆ ಆಸಕ್ತಿ ಇರಲಿಲ್ಲ’ ಎಂದು ದಿನಚರಿಯಲ್ಲಿ ಬರೆಯುವ ಮುನ್ನ

ಬಿ.ಇಡಿ. ಪ್ರಶಿಕ್ಷಣಾರ್ಥಿಗಳು ಬರೆಯುವ ಪ್ರತಿಫಲನ ದಿನಚರಿಗಳಲ್ಲಿ ಮೊದಲ ಪಾಠದ ಪುಟ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. “ಇಂದು ನನ್ನ ಮೊದಲ ಪಾಠ. ಆರಂಭ ಚೆನ್ನಾಗಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಮಕ್ಕಳು ಆಸಕ್ತಿ ಕಳೆದುಕೊಂಡು ಗಲಾಟೆ ಮಾಡತೊಡಗಿದರು. ನನಗೆ ತುಂಬಾ ಬೇಸರವಾಯಿತು. ಮುಂದಿನ ಪಾಠಕ್ಕೆ ಇನ್ನಷ್ಟು ತಯಾರಿ ಮಾಡಿಕೊಂಡು, ಆಕರ್ಷಕ ಬೋಧನೋಪಕರಣ ಬಳಸುತ್ತೇನೆ.” ಕೆಳಗೆ ಮಾರ್ಗದರ್ಶಿ ಶಿಕ್ಷಕರ ಸಹಿ, ತಾರೀಖು.

ಈ ಪುಟದಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ತರಗತಿಗೆ ಕಾಲಿಡದವರೂ ಇದನ್ನು ಹೀಗೇ ಬರೆಯಬಹುದಿತ್ತು. ಯಾವ ಪಾಠ, ಎಷ್ಟನೇ ನಿಮಿಷ, ಆಗ ಕಪ್ಪುಹಲಗೆಯ ಮೇಲೆ ಏನಿತ್ತು, ಮಕ್ಕಳ ಕೈಯಲ್ಲಿ ಏನಿತ್ತು ಎಂಬುದು ಒಂದೂ ಇಲ್ಲ. ಹಾಗಾಗಿ ನಾಳೆಯ ಪಾಠಕ್ಕೆ ಇದರಿಂದ ಸಿಗುವುದೂ ಏನಿಲ್ಲ.

ಮೈಸೂರಿನಲ್ಲಿ ಇಂಥ ದಿನಚರಿ ಬರೆಯುವವರು ಕಡಿಮೆ ಇಲ್ಲ. 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಲ್ಲೇ ಇದೆ, ಅದರ ಆವರಣದಲ್ಲೇ ಪ್ರಾತ್ಯಕ್ಷಿಕಾ ಶಾಲೆಯೂ ಇದೆ. ಅದಲ್ಲದೆ ನಗರದ ಬಿ.ಇಡಿ. ಕಾಲೇಜುಗಳಿಂದ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಪ್ರತಿವರ್ಷ ಪ್ರಶಿಕ್ಷಣಾರ್ಥಿಗಳು ಪಾಠ ಕೊಡಲು ಹೋಗುತ್ತಾರೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ್ದಾಯಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿ ಎರಡೂ ವರ್ಷ ಸೇರಿ 20 ವಾರಕ್ಕೆ ಏರಿತು. ಅವಧಿ ಉದ್ದವಾದಂತೆ ದಿನಚರಿಯ ಪುಟಗಳೂ ಹೆಚ್ಚಿದವು. ಸಲ್ಲಿಸುವ ದಿನದ ಹಿಂದಿನ ರಾತ್ರಿ ಕೂತು ಎಲ್ಲ ವಾರಗಳದ್ದನ್ನೂ ಒಂದೇ ಪೆನ್ನಿನ ಒಂದೇ ಶಾಯಿಯಲ್ಲಿ ಬರೆದು ಮುಗಿಸುವವರೂ ಇದ್ದಾರೆ. ಅವರ ಮಾತು ಇಲ್ಲಿ ಬೇಡ. ಪಾಠ ಕೈಕೊಟ್ಟ ಆ ದಿನವೇ ಕೂತು ಬರೆಯಬೇಕೆಂದಿರುವವರಿಗೆ ಈ ಲೇಖನ.

ಮೊದಲ ಪಾಠದಲ್ಲಿ ತರಗತಿ ಕೈಜಾರುವುದಕ್ಕೆ ಒಂದು ಕಾರಣ ಕಾಲೇಜಿನಲ್ಲೇ ಇರುತ್ತದೆ. ಶಾಲೆಗೆ ಹೋಗುವ ಮುನ್ನ ಎಲ್ಲರೂ ಮೈಕ್ರೋ ಟೀಚಿಂಗ್ ಮಾಡಿರುತ್ತಾರೆ. ಅಲ್ಲಿ ‘ವಿದ್ಯಾರ್ಥಿ’ಗಳಾಗಿ ಕೂತವರು ಸಹಪಾಠಿಗಳು. ಅವರಿಗೆ ಉತ್ತರ ಮೊದಲೇ ಗೊತ್ತು. ಮುಂದಿನ ಸರದಿ ತಮ್ಮದಾದ್ದರಿಂದ ಕೇಳಿದ್ದಕ್ಕೆಲ್ಲ ಕೈಯೆತ್ತಿ ಸಹಕರಿಸುತ್ತಾರೆ. ಎಂಟನೇ ತರಗತಿಯ ಮಕ್ಕಳಿಗೆ ಆ ಕರಾರು ಇಲ್ಲ. ಮೈಕ್ರೋ ಟೀಚಿಂಗಿನ ಇನ್ನೊಂದು ಪಾಠವನ್ನು ಮಾತ್ರ ನಾವು ಕಾಲೇಜಿನಲ್ಲೇ ಬಿಟ್ಟು ಬರುತ್ತೇವೆ. ನಮ್ಮಲ್ಲಿ ರೂಢಿಯಲ್ಲಿರುವ 36 ನಿಮಿಷದ ಆವರ್ತದಲ್ಲಿ ಪಾಠಕ್ಕೆ 6 ನಿಮಿಷ, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಪಾಠಕ್ಕೆ 6, ಮತ್ತೆ ಹಿಮ್ಮಾಹಿತಿಗೆ 6. ಪಾಠ ಮಾಡಿದ್ದಕ್ಕಿಂತ ದುಪ್ಪಟ್ಟು ಹೊತ್ತು ಅದನ್ನು ತಿದ್ದಿ ಕಟ್ಟುವುದಕ್ಕೇ ಮೀಸಲು. ಇಂಟರ್ನ್‌ಶಿಪ್ಪಿನಲ್ಲಿ ಆ 12 ನಿಮಿಷದ ಕೆಲಸ ಮಾಡಬೇಕಾದದ್ದು ದಿನಚರಿ.

ಹೇಗೆ ಎಂಬುದನ್ನು ಒಂದು ತರಗತಿಯನ್ನು ಹಿಡಿದೇ ನೋಡೋಣ. ಇಂಥ ಹಲವು ಪುಟಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಈ ತರಗತಿಯನ್ನು ಕಟ್ಟಿದ್ದೇನೆ. ಮೈಸೂರು ನಗರದ ಒಂದು ಪ್ರೌಢಶಾಲೆ, ಎಂಟನೇ ತರಗತಿ, 38 ಮಕ್ಕಳು, ಬಿಸಿಯೂಟ ಮುಗಿದ ಮೇಲಿನ ಮೊದಲ ಪೀರಿಯಡ್, 40 ನಿಮಿಷ. ವಿಜ್ಞಾನದಲ್ಲಿ ‘ಒತ್ತಡ’ ಎಂಬ ಪರಿಕಲ್ಪನೆ. ಹಿಂದಿನ ಬೆಂಚಿನಲ್ಲಿ ಗೆಳತಿ, ಅಂದರೆ ಇನ್ನೊಬ್ಬ ಪ್ರಶಿಕ್ಷಣಾರ್ಥಿ, ವೀಕ್ಷಣಾ ಪತ್ರ ಹಿಡಿದು ಕೂತಿದ್ದಾಳೆ.

ಪಾಠ ಶುರುವಾದದ್ದು ಸಿಂಬಿಯಿಂದ. ದೇವರಾಜ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಳ್ಳುವುದು ಯಾಕೆ ಎಂದು ಮಿಸ್ ಕೇಳಿದರು. ಹತ್ತಾರು ಕೈ ಎದ್ದವು. ಕಿಟಕಿ ಪಕ್ಕದ ಸಾಲಿನ ಹುಡುಗನೊಬ್ಬ “ಜಾರಬಾರ್ದು ಅಂತ ಮಿಸ್” ಎಂದ. ಯೋಜನೆಯಲ್ಲಿ ಬರೆದಿಟ್ಟ ನಿರೀಕ್ಷಿತ ಉತ್ತರ ‘ಭಾರ ಹೆಚ್ಚು ಜಾಗಕ್ಕೆ ಹರಡಲು’. ಮಿಸ್ “ಅಲ್ಲ, ಬೇರೆ ಯಾರು?” ಎಂದು ಮುಂದೆ ಹೋದರು. ಮುಂದಿನ ಬೆಂಚಿನ ಹುಡುಗಿ ಬೇಕಾದ ಉತ್ತರ ಕೊಟ್ಟಳು. ಹನ್ನೊಂದನೇ ನಿಮಿಷಕ್ಕೆ ಹಲಗೆಯ ಮೇಲೆ ‘ಒತ್ತಡ = ಬಲ ÷ ವಿಸ್ತೀರ್ಣ’ ಬಂತು. ಅದರ ಕೆಳಗೆ ಒಂದು ಲೆಕ್ಕ: 30 ನ್ಯೂಟನ್ ತೂಕದ ಇಟ್ಟಿಗೆ, ಉದ್ದ 23 ಸೆಂ.ಮೀ., ಅಗಲ 11 ಸೆಂ.ಮೀ., ಮೇಜಿನ ಮೇಲೆ ಮಲಗಿದೆ, ಒತ್ತಡ ಎಷ್ಟು? ಇಪ್ಪತ್ತನೇ ನಿಮಿಷದ ಹೊತ್ತಿಗೆ ಗುಸುಗುಸು. “ಸೈಲೆನ್ಸ್!” ಮತ್ತೆ ಗುಸುಗುಸು. ಬಣ್ಣದ ಚಾರ್ಟ್ ತೂಗುಹಾಕಿದರು, ಎರಡು ನಿಮಿಷ ತಲೆಗಳು ಮೇಲೆದ್ದವು, ಮತ್ತೆ ಇಳಿದವು. ಕೊನೆಯ ಮೌಲ್ಯಮಾಪನದ ಪ್ರಶ್ನೆಗಳಿಗೆಲ್ಲ ಮುಂದಿನ ಬೆಂಚಿನ ಅದೇ ಮೂವರು ಉತ್ತರಿಸಿದರು.

ಬೆಲ್ ಆಯಿತು. ಈಗ ಏನು ಮಾಡಬೇಕು?

ಮೊದಲು ಮಾಡಬೇಕಾದದ್ದು ಬರಹವಲ್ಲ, ಸಂಗ್ರಹ. ಹಲಗೆ ಒರೆಸುವ ಮೊದಲು ಅದರದೊಂದು ಫೋಟೊ ತೆಗೆಯಿರಿ. ಫೋನ್ ಒಯ್ಯಲು ಶಾಲೆ ಬಿಡದಿದ್ದರೆ ಹಲಗೆಯ ಮೇಲಿದ್ದದ್ದನ್ನು ಹಾಗೇ ನಕಲು ಮಾಡಿಕೊಳ್ಳಿ. ಬೇರೆ ಬೇರೆ ಸಾಲಿನಿಂದ ಐದಾರು ಮಕ್ಕಳ ನೋಟ್‌ಬುಕ್ಕನ್ನು “ಸಂಜೆ ವಾಪಸ್ ಕೊಡ್ತೀನಿ” ಎಂದು ಕೇಳಿ ಇಸಿದುಕೊಳ್ಳಿ. ಮುಂದಿನ ಬೆಂಚಿನವರದ್ದು ಸಾಲದು. ಗಲಾಟೆ ಎದ್ದ ಸಾಲಿನದ್ದು ಬೇಕೇ ಬೇಕು. ಗೆಳತಿಯ ವೀಕ್ಷಣಾ ಪತ್ರವನ್ನೂ ತೆಗೆದುಕೊಳ್ಳಿ. ಸ್ಟಾಫ್ ರೂಮಿನ ಮಾತಿಗೆ ಮುನ್ನ ನಿಮಗೆ ನೆನಪಿರುವುದನ್ನು ಕಚ್ಚಾ ಪುಸ್ತಕದಲ್ಲಿ ಗೀಚಿಕೊಳ್ಳಿ. ‘ಆ ಕ್ಲಾಸೇ ಹಾಗೆ’ ಎಂದು ಯಾರಾದರೂ ಸಮಾಧಾನ ಹೇಳಿದರೆ ನಿಮ್ಮ ನೆನಪು ಆ ಮಾತಿನ ಆಕಾರವನ್ನೇ ತಾಳುತ್ತದೆ. ಸಮಾಧಾನ ಹೇಳುವವರ ಉದ್ದೇಶ ಒಳ್ಳೆಯದೇ, ಆದರೂ ಹದಿನೈದು ನಿಮಿಷ ತಡವಾಗಿ ಕೇಳಿಸಿಕೊಂಡರೆ ನಷ್ಟವಿಲ್ಲ.

ವೀಕ್ಷಣಾ ಪತ್ರದ ಬಗ್ಗೆ ಒಂದು ಮಾತು. ‘ಪೀಠಿಕೆ: ಉತ್ತಮ, ಧ್ವನಿ: ಉತ್ತಮ, ತರಗತಿ ನಿರ್ವಹಣೆ: ಸಾಧಾರಣ’ ಎಂಬ ಟಿಕ್ಕುಗಳಿಂದ ಪ್ರಯೋಜನ ಕಡಿಮೆ. ಫ್ಲಾಂಡರ್ಸ್ ಅವರ ಹತ್ತು ವಿಭಾಗಗಳ ವಿಶ್ಲೇಷಣೆಯನ್ನು ಬಿ.ಇಡಿ. ಓದಿದವರೆಲ್ಲ ಬಲ್ಲರು. ಮೂರು ಸೆಕೆಂಡಿಗೊಂದು ಗುರುತು ಎಂದರೆ 40 ನಿಮಿಷಕ್ಕೆ 800 ಗುರುತು. ಹಿಂದಿನ ಬೆಂಚಿನಲ್ಲಿ ಕೂತ ಗೆಳತಿಗೆ ಅದು ಶಿಕ್ಷೆ. ಅದರ ಬದಲು ಪಾಠಕ್ಕೆ ಮುಂಚೆಯೇ ಅವಳಿಗೆ ಎರಡೇ ಕೆಲಸ ಹೇಳಿ. ಐದು ನಿಮಿಷಕ್ಕೊಮ್ಮೆ ತಲೆಯೆತ್ತಿ, ಪಾಠದ ಕೆಲಸದಲ್ಲಿರುವವರು ಎಷ್ಟು ಮಂದಿ ಎಂದು ಎಣಿಸಿ ಬರೆಯಬೇಕು. ಯಾವ ಸಾಲಿನಿಂದ ಉತ್ತರ ಬಂತು ಎಂದು ತರಗತಿಯ ನಕ್ಷೆಯ ಮೇಲೆ ಒಂದೊಂದು ಗೀಟು ಹಾಕಬೇಕು. ನಮ್ಮ ಉದಾಹರಣೆಯಲ್ಲಿ ಆ ಎಣಿಕೆ ಹೀಗಿತ್ತು ಅಂದುಕೊಳ್ಳಿ: ಐದನೇ ನಿಮಿಷಕ್ಕೆ 36, ಹತ್ತಕ್ಕೆ 33, ಹದಿನೈದಕ್ಕೆ 31, ಇಪ್ಪತ್ತಕ್ಕೆ 15.

ಇಲ್ಲಿಂದ ದಿನಚರಿಯ ನಿಜವಾದ ಕೆಲಸ ಶುರು. ತರಗತಿ ಮುರಿದದ್ದು ‘ಅರ್ಧಕ್ಕೆ ಬರುವಷ್ಟರಲ್ಲಿ’ ಅಲ್ಲ, ಹದಿನೈದರಿಂದ ಇಪ್ಪತ್ತನೇ ನಿಮಿಷದ ನಡುವೆ. ಗದ್ದಲ ಕಿವಿಗೆ ಬಿದ್ದದ್ದು ಇಪ್ಪತ್ತಕ್ಕೆ, ಕಾರಣ ಅದಕ್ಕೆ ಸ್ವಲ್ಪ ಹಿಂದೆ ಇರಬೇಕು. ಆಗ ಹಲಗೆಯ ಮೇಲೆ ಇದ್ದದ್ದು ಇಟ್ಟಿಗೆಯ ಲೆಕ್ಕ. ನೋಟ್‌ಬುಕ್ಕುಗಳನ್ನು ತೆರೆದರೆ ಎಲ್ಲರೂ 23 × 11 = 253 ಚದರ ಸೆಂ.ಮೀ. ಎಂಬಲ್ಲಿಯವರೆಗೆ ಸರಿಯಾಗಿ ಬಂದಿದ್ದಾರೆ. ಅದರ ಕೆಳಗೆ ಮೂವರು 2.53 ಚದರ ಮೀಟರ್ ಎಂದು ಬರೆದಿದ್ದಾರೆ. ಇಬ್ಬರು ಅಲ್ಲಿಗೇ ನಿಲ್ಲಿಸಿ ಅಂಚಿನಲ್ಲಿ ಚಿತ್ರ ಬಿಡಿಸಿದ್ದಾರೆ. ಒಂದು ಮೀಟರಿಗೆ 100 ಸೆಂ.ಮೀ. ಎಂಬುದು ಗೊತ್ತಿದ್ದರಿಂದ 100ರಿಂದ ಭಾಗಿಸಿದರು. ಚದರ ಮೀಟರಿಗೆ 10,000 ಚದರ ಸೆಂ.ಮೀ. ಎಂಬುದು ಹೊಳೆಯಲಿಲ್ಲ. ಸರಿಯಾದ ವಿಸ್ತೀರ್ಣ 0.0253 ಚದರ ಮೀಟರ್, ಒತ್ತಡ ಸುಮಾರು 1,186 ಪ್ಯಾಸ್ಕಲ್. ಅವರ ಲೆಕ್ಕದಲ್ಲಿ ಅದು 12ರ ಆಸುಪಾಸು ಬಂತು. ಹಲಗೆಯ ಮೇಲಿನ ಉತ್ತರ ತಮ್ಮದಕ್ಕೆ ಹೊಂದದಿದ್ದಾಗ ಮಕ್ಕಳು ಪಕ್ಕದವರ ಪುಸ್ತಕ ನೋಡಿದರು, ಕೇಳಿದರು. ಮಿಸ್ ಕಿವಿಗೆ ಬಿದ್ದ ಗುಸುಗುಸುವಿನ ಮೊದಲ ಭಾಗ ಬಹುಶಃ ಅದೇ. ಪಾಠದ ಬಗ್ಗೆಯೇ ಆಡುತ್ತಿದ್ದ ಮಾತಿಗೆ “ಸೈಲೆನ್ಸ್” ಬಿತ್ತು. ಆಮೇಲೆ ಆಡಿದ್ದು ಬೇರೆ ಮಾತು.

ಇದನ್ನೇ ಹೊಸಬರು ತಿಳಿಯುವುದು ಕಷ್ಟ. ಆಸಕ್ತಿ ಹೋಗಿ ಅರ್ಥವಾಗದೆ ಉಳಿಯಿತು ಎಂದುಕೊಳ್ಳುತ್ತೇವೆ. ಬಹಳ ಸಲ ನಡೆಯುವುದು ಹಿಂದುಮುಂದು: ಎಲ್ಲೋ ಒಂದು ಮೆಟ್ಟಿಲು ತಪ್ಪಿ ದಾರಿ ಕಾಣದಾದ ಮೇಲೆ ಆಸಕ್ತಿ ಹೋಗುತ್ತದೆ. ಚಾರ್ಟು ತೂಗುಹಾಕಿದರೂ ಕೆಲಸ ಆಗದಿರುವುದು ಅದಕ್ಕೇ. ‘ಆಕರ್ಷಕ ಬೋಧನೋಪಕರಣ ಬಳಸುತ್ತೇನೆ’ ಎಂಬ ಸಂಕಲ್ಪ ಇಲ್ಲದ ರೋಗಕ್ಕೆ ಮದ್ದು.

ಆದರೆ ಸಿಕ್ಕ ಮೊದಲ ಕಾರಣಕ್ಕೇ ಗಂಟುಬೀಳಬಾರದು. ಬೇರೆ ಕಾರಣಗಳನ್ನೂ ಎದುರಿಗಿಟ್ಟು, ಯಾವುದಕ್ಕೆ ಸಾಕ್ಷಿ ಇದೆ ಎಂದು ನೋಡಬೇಕು. ಊಟದ ನಂತರದ ಮಂಪರು ಕಾರಣವೇ? ಹಾಗಿದ್ದರೆ ಎಣಿಕೆ ಮೊದಲ ಹತ್ತು ನಿಮಿಷದಲ್ಲೇ ನಿಧಾನವಾಗಿ ಇಳಿಯಬೇಕಿತ್ತು. ಇಲ್ಲಿ ಒಮ್ಮೆಲೇ ಅರ್ಧಕ್ಕರ್ಧ ಬಿದ್ದಿದೆ, ಅದೂ ಒಂದು ನಿರ್ದಿಷ್ಟ ಲೆಕ್ಕದ ಮಧ್ಯದಲ್ಲಿ. ಮಂಪರಿನದೂ ಸ್ವಲ್ಪ ಪಾಲು ಇರಬಹುದು, ಮುಖ್ಯ ಪಾಲಲ್ಲ. ಕಿಟಕಿ ಸಾಲಿನವರು ‘ತರಲೆ’ಗಳೇ? ಗೆಳತಿಯ ನಕ್ಷೆಯಲ್ಲಿ ನಾಲ್ಕನೇ ನಿಮಿಷದವರೆಗೆ ಆ ಸಾಲಿನಲ್ಲೂ ಗೀಟುಗಳಿವೆ. ‘ಜಾರಬಾರ್ದು ಅಂತ’ ಎಂಬ ಉತ್ತರದ ನಂತರ ಆ ಸಾಲಿನಲ್ಲಿ ಒಂದೂ ಇಲ್ಲ. ಇದು ಎರಡನೇ ಸುಳಿವು. ಮೊದಲನೆಯದಕ್ಕಿಂತ ಚಿಕ್ಕದಾದರೂ ಬಿಡುವಂಥದ್ದಲ್ಲ, ಏಕೆಂದರೆ ಹುಡುಗ ಹೇಳಿದ್ದು ತಪ್ಪೂ ಆಗಿರಲಿಲ್ಲ. ಸಿಂಬಿ ಮೂಟೆಯನ್ನು ಜಾರದಂತೆಯೂ ಹಿಡಿಯುತ್ತದೆ. “ಹೌದು, ಜಾರೋದಿಲ್ಲ. ಅದರ ಜೊತೆಗೆ ತಲೆಗೆ ಇನ್ನೇನು ಅನುಕೂಲ?” ಎಂದು ಕೇಳಬಹುದಿತ್ತು.

ಪ್ರಶ್ನೆ ಕೇಳಿ ಕಾಯುವ ವಿಷಯವೂ ಇಲ್ಲಿಗೇ ಸೇರುತ್ತದೆ. ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಮೊದಲ ಪಾಠದ ದಿನ ಮೂರು ಸೆಕೆಂಡು ಮೂರು ನಿಮಿಷದಂತೆ ಅನಿಸುತ್ತದೆ, ಅದರಲ್ಲೂ ಹಿಂದೆ ಮೇಲ್ವಿಚಾರಕರು ಕೂತಿದ್ದರೆ. ಹೊಸಬರು ಮುಂದಿನ ಬೆಂಚಿಗೆ ಅಂಟಿಕೊಳ್ಳುವುದು ಆ ಗಾಬರಿಗೇ.

ಇಷ್ಟು ಕೈಯಲ್ಲಿದ್ದರೆ ದಿನಚರಿಯ ಪುಟ ಹೀಗೆ ಬರುತ್ತದೆ:

“8ನೇ ತರಗತಿ, ಮಧ್ಯಾಹ್ನದ ಮೊದಲ ಅವಧಿ. ವಿಷಯ: ಒತ್ತಡ. 15ನೇ ನಿಮಿಷದಲ್ಲಿ 31 ಮಕ್ಕಳು ಲೆಕ್ಕ ಬರೆಯುತ್ತಿದ್ದರು, 20ನೇ ನಿಮಿಷದಲ್ಲಿ 15. ಆ ನಡುವೆ ನಾನು ಚದರ ಸೆಂ.ಮೀ.ಯನ್ನು ಚದರ ಮೀಟರಿಗೆ ಬದಲಿಸುವುದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದೆ. ಆಮೇಲೆ ನೋಡಿದ ಐದು ನೋಟ್‌ಬುಕ್ಕುಗಳಲ್ಲಿ ಮೂವರು 100ರಿಂದ ಭಾಗಿಸಿದ್ದಾರೆ, ಇಬ್ಬರು ಅಲ್ಲಿಗೇ ಬಿಟ್ಟಿದ್ದಾರೆ. ಗಲಾಟೆ ಎದ್ದಾಗ ನನಗೆ ಸಿಟ್ಟು ಬಂತು, ಹಿಂದೆ ಕೂತವರು ಏನೆಂದುಕೊಳ್ಳುತ್ತಾರೋ ಎಂಬ ಭಯವೂ ಇತ್ತು. ಆದ್ದರಿಂದ ಯಾರ ಪುಸ್ತಕವನ್ನೂ ನೋಡದೆ ಚಾರ್ಟಿಗೆ ಹೋದೆ. ನನ್ನ ಊಹೆ: ಒತ್ತಡದ ಪರಿಕಲ್ಪನೆ ಅವರಿಗೆ ಕಷ್ಟವಾಗಲಿಲ್ಲ, ಏಕಮಾನದ ಪರಿವರ್ತನೆ ಕಷ್ಟವಾಯಿತು. ಒತ್ತಡ ಕಲಿಸುವ ದಿನ ಆ ಪರಿವರ್ತನೆ ಬೇಕೇ ಇರಲಿಲ್ಲ. ಕಿಟಕಿ ಸಾಲಿನ ಒಬ್ಬ ಕೊಟ್ಟ ಉತ್ತರ ನನ್ನ ಯೋಜನೆಯಲ್ಲಿ ಇರಲಿಲ್ಲವೆಂದು ತಳ್ಳಿಹಾಕಿದೆ. ಆ ಸಾಲು ಮತ್ತೆ ಮಾತಾಡಲಿಲ್ಲ. ನಾಳೆ ಸೂತ್ರವನ್ನು ಕೊನೆಗೆ ಇಡುತ್ತೇನೆ. ಮೊದಲು ಒಂದೇ ಇಟ್ಟಿಗೆಯನ್ನು ಸಡಿಲ ಮರಳಿನ ಮೇಲೆ ಮಲಗಿಸಿ, ಆಮೇಲೆ ನಿಲ್ಲಿಸಿ, ಎಲ್ಲಿ ಹೆಚ್ಚು ಕುಸಿಯುತ್ತದೆ ಎಂದು ಊಹಿಸಿ ಬರೆಯಲು ಹೇಳುತ್ತೇನೆ. ಊಹೆ ಸರಿಯೇ ಎಂದು ತಿಳಿಯಲು 15 ಮತ್ತು 20ನೇ ನಿಮಿಷದ ಎಣಿಕೆಯನ್ನು ಇಂದಿನದಕ್ಕೆ ಹೋಲಿಸುತ್ತೇನೆ.”

ಈ ಪುಟದಲ್ಲಿ ಭಾವನೆಗೆ ಒಂದೇ ವಾಕ್ಯ ಸಿಕ್ಕಿದೆ, ಅದೂ ಒಂದು ನಿರ್ಧಾರಕ್ಕೆ ಕಾರಣವಾದ ಭಾವನೆ. ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳನ್ನು (ವಿವರಣೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ) ಖಾನೆಗಳಾಗಿ ಮಾಡಿಕೊಂಡವರು ಹೆಚ್ಚಾಗಿ ಭಾವನೆಯ ಖಾನೆಯನ್ನು ತುಂಬಿ, ವಿಶ್ಲೇಷಣೆಯಲ್ಲಿ ಒಂದೂವರೆ ಸಾಲು ಬರೆದು ಕೈಬಿಡುತ್ತಾರೆ. ತನ್ನನ್ನೇ ಬೈದುಕೊಳ್ಳುವುದೂ ಮಕ್ಕಳನ್ನು ದೂರುವುದೂ ಬರೆಯಲು ಸಮಾನ ಸುಲಭ. ಎರಡರಲ್ಲೂ ಹುಡುಕುವ ಕೆಲಸ ತಪ್ಪುತ್ತದೆ.

ಮರುದಿನದ ಯೋಜನೆಯಲ್ಲಿ ಒಂದೇ ಬದಲಾವಣೆ ಇರಲಿ. ಸೂತ್ರ ಕೊನೆಗೆ, ಗುಂಪು ಚಟುವಟಿಕೆ, ವಿಡಿಯೋ ಎಲ್ಲವನ್ನೂ ಒಟ್ಟಿಗೆ ತಂದರೆ ತರಗತಿ ಸುಧಾರಿಸಿದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಮರಳು ಒಣಗಿ ಸಡಿಲವಾಗಿರಬೇಕು. ತೇವವಾಗಿ ಗಟ್ಟಿಯಾದ ಮರಳಿನಲ್ಲಿ ಎರಡೂ ಗುರುತು ಒಂದೇ ಥರ ಕಂಡು ಇನ್ನೊಂದು ಪಾಠ ಕೈಕೊಡುತ್ತದೆ. ಮನೆಯಲ್ಲೇ ಒಮ್ಮೆ ಮಾಡಿ ನೋಡಿ ಬನ್ನಿ. ಇಟ್ಟಿಗೆಯ ಎರಡೂ ಮುಖಗಳ ಸುತ್ತ ಮಕ್ಕಳೇ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯಲಿ. 7.5 ಸೆಂ.ಮೀ. ದಪ್ಪದ ಇಟ್ಟಿಗೆ ನಿಂತಾಗ ನೆಲಕ್ಕೆ ತಗಲುವ ಜಾಗ, ಮಲಗಿದಾಗಿನದರ ಸುಮಾರು ಮೂರನೇ ಒಂದು ಭಾಗ. ಭಾರ ಅದೇ, ಒತ್ತಡ ಮೂರು ಪಟ್ಟು ಎಂಬುದು ಪರಿವರ್ತನೆಯ ಗೊಡವೆಯಿಲ್ಲದೆ ಕಣ್ಣಿಗೇ ಕಾಣುತ್ತದೆ. ಪ್ಯಾಸ್ಕಲ್ ಇನ್ನೊಂದು ದಿನ ಬರಲಿ.

ಊಹೆ ಸುಳ್ಳಾಗಲೂಬಹುದು. ಎರಡನೇ ದಿನವೂ ಇಪ್ಪತ್ತನೇ ನಿಮಿಷಕ್ಕೇ ಎಣಿಕೆ ಬಿದ್ದರೆ ಪರಿವರ್ತನೆ ಮುಖ್ಯ ಕಾರಣವಲ್ಲ ಎಂದಾಯಿತು. ಅದನ್ನೂ ಹಾಗೇ ಬರೆಯಿರಿ. ದಿನಚರಿಯಿಂದ ಸಿಗದ ಉತ್ತರಗಳೂ ಇವೆ. ಬೆಳಗಿನಿಂದ ಏನೂ ತಿನ್ನದೆ ಬಂದ ಮಗು, ಪಠ್ಯದ ಭಾಷೆಯನ್ನೇ ಸರಿಯಾಗಿ ಓದಲಾಗದ ಮಗು ತರಗತಿಯಲ್ಲಿದ್ದರೆ ಅದು ಸೂತ್ರದ ಜಾಗ ಬದಲಿಸಿ ಸರಿಯಾಗುವಂಥದ್ದಲ್ಲ. ಅದನ್ನು ತರಗತಿ ಶಿಕ್ಷಕರ ಗಮನಕ್ಕೆ ತನ್ನಿ. ದಿನಚರಿಯಲ್ಲಿ ಮಕ್ಕಳ ಹೆಸರು ಬರೆಯಬೇಡಿ, ಸಾಲು ಮತ್ತು ಬೆಂಚಿನ ಸಂಖ್ಯೆ ಸಾಕು. ಆ ಪುಸ್ತಕ ಹಲವರ ಕೈಗೆ ಹೋಗುತ್ತದೆ.

ಮೊದಲ ದಿನ ಸೋತ ಮೇಷ್ಟ್ರನ್ನು ಓದಬೇಕೆನಿಸಿದರೆ ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಹುಡುಕಿ ಓದಿ. ಅದರ ಶಿಕ್ಷಕ ದೊಡ್ಡ ಪ್ರಯೋಗದ ಹುಮ್ಮಸ್ಸಿನಲ್ಲಿ ತರಗತಿಗೆ ಬಂದು ಮಕ್ಕಳಿಂದ ಮೌನದ ಆಟ ಆಡಿಸಲು ಹೋಗುತ್ತಾನೆ, ಗದ್ದಲದಲ್ಲಿ ಅದು ಮುಗಿಯುತ್ತದೆ. ಮರುದಿನ ಅವನು ಮಾಡುವುದು ಒಂದೇ ಬದಲಾವಣೆ: ಕತೆ ಹೇಳುತ್ತಾನೆ.

ಇನ್ನು ದಿನಚರಿಗೆ ಸಹಿ ಹಾಕುವ ಮಾರ್ಗದರ್ಶಿ ಶಿಕ್ಷಕರಲ್ಲೂ ಕಾಲೇಜಿನ ಮೇಲ್ವಿಚಾರಕರಲ್ಲೂ ಒಂದು ಕೋರಿಕೆ. ಪಾಠ ಸೋತಿತೆಂದು ಬರೆದರೆ ಅಂಕ ಹೋಗುತ್ತದೆ ಎಂಬ ಭಯ ಇರುವವರೆಗೂ ‘ಆರಂಭ ಚೆನ್ನಾಗಿತ್ತು, ಬೇಸರವಾಯಿತು’ ಎಂಬ ಪುಟಗಳೇ ಬರುತ್ತಿರುತ್ತವೆ. ಅಂಕ ಕೊಡುವಾಗ ಪಾಠ ಗೆದ್ದಿತೇ ಎಂದು ನೋಡದೆ, ಕಾರಣ ಹುಡುಕಿದ್ದಾರೆಯೇ ಎಂದು ನೋಡಿ. ‘ಉತ್ತಮ’ ಎಂದು ಬರೆಯುವ ಜಾಗದಲ್ಲಿ ‘ಎಷ್ಟನೇ ನಿಮಿಷದಲ್ಲಿ?’ ಎಂಬ ಪ್ರಶ್ನೆಯೊಂದನ್ನು ಬರೆದು ಪುಸ್ತಕ ವಾಪಸ್ ಕೊಡಿ.